ರಿಲೀಸ್ ನೋಟ್ಸ್: ಸರಳವಾಗಿಯೂ ಇರಬೇಕು, ಸುಳ್ಳೂ ಆಗಬಾರದು

ರಿಲೀಸ್ ನೋಟ್ಸ್ ಬರೆಯಲು ಕೂತಾಗ ನನ್ನ ಮುಂದೆ ಇರುವುದು ಡೆವಲಪರ್‌ಗಳು ಬರೆದ ಕಮಿಟ್ ಸಾಲುಗಳು. ಕೋಡ್‌ನಲ್ಲಿ ಏನು ಬದಲಾಯಿತು ಎಂದು ಅವು ಹೇಳುತ್ತವೆ. ಬಳಕೆದಾರರಿಗೆ ಬೇಕಾದದ್ದು ತಮ್ಮ ಪರದೆಯ ಮೇಲೆ ಏನು ಬದಲಾಯಿತು ಎಂಬುದು. ಈ ಎರಡರ ನಡುವಿನ ದಾರಿಯನ್ನು ಒಂದೇ ಒಂದು ಸಾಲು ಇಟ್ಟುಕೊಂಡು ತೋರಿಸುತ್ತೇನೆ. ಆಪ್ ಹೀಗಿದೆ ಎಂದುಕೊಳ್ಳಿ: ನೆಟ್‌ವರ್ಕ್ ಇಲ್ಲದ ಕಡೆಯೂ ಫಾರ್ಮ್ ತುಂಬಿ ಉಳಿಸಬಹುದು, ನೆಟ್‌ವರ್ಕ್ ಸಿಕ್ಕಾಗ ಅದು ಸರ್ವರ್‌ಗೆ ಹೋಗುತ್ತದೆ.

```
fix(sync): retry on 504, add idempotency key to POST /entries (#1842)
```

504 ಎಂದರೆ ನಡುವೆ ಇರುವ ಸರ್ವರ್‌ಗೆ ಮುಂದಿನ ಸರ್ವರ್‌ನಿಂದ ಸಮಯಕ್ಕೆ ಸರಿಯಾಗಿ ಉತ್ತರ ಬರಲಿಲ್ಲ ಎಂದು. ನಮೂದು ದಾಖಲಾಗಿರಬಹುದು, ಆದರೆ ‘ಆಯಿತು’ ಎಂಬ ಉತ್ತರ ಫೋನ್‌ಗೆ ತಲುಪಿರುವುದಿಲ್ಲ. ಹಳೆಯ ಆವೃತ್ತಿ ಆಗ ‘ಕಳುಹಿಸಲಾಗಲಿಲ್ಲ’ ಎನ್ನುತ್ತಿತ್ತು. ಬಳಕೆದಾರರು ಮತ್ತೆ ಒತ್ತುತ್ತಿದ್ದರು, ಒಂದೇ ನಮೂದು ಎರಡಾಗುತ್ತಿತ್ತು. ಹೊಸ ಆವೃತ್ತಿಯಲ್ಲಿ ಪ್ರತಿ ನಮೂದನ್ನು ಉಳಿಸುವಾಗಲೇ ಅದಕ್ಕೊಂದು ಗುರುತಿನ ಸಂಖ್ಯೆ ಸೇರುತ್ತದೆ. ಆಪ್ ತಾನೇ ಮತ್ತೆ ಕಳುಹಿಸಿದರೂ ಅದೇ ಸಂಖ್ಯೆ ಕಂಡ ಸರ್ವರ್ ಎರಡನೇ ಸಲ ದಾಖಲಿಸುವುದಿಲ್ಲ.

ಇದನ್ನು ‘ಸಿಂಕ್ ಸುಧಾರಿಸಲಾಗಿದೆ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅದಕ್ಕಿಂತ ಅಪಾಯದ್ದು ‘ಇನ್ನು ಮುಂದೆ ನಮೂದುಗಳು ಎರಡಾಗುವುದಿಲ್ಲ’ ಎಂಬ ವಾಕ್ಯ. ಓದಲು ಸಲೀಸಾಗಿದೆ, ಆದರೆ ನಿಜವಲ್ಲ. ಅಪ್‌ಡೇಟ್‌ಗೆ ಮೊದಲು ಉಳಿಸಿ ಇನ್ನೂ ಕಳುಹಿಸದೆ ಉಳಿದ ನಮೂದುಗಳಿಗೆ ಗುರುತಿನ ಸಂಖ್ಯೆಯೇ ಇರುವುದಿಲ್ಲ, ಅವು ಈಗಲೂ ಎರಡಾಗಬಹುದು. ಅದೇ ಫಾರ್ಮನ್ನು ಬಳಕೆದಾರರೇ ಎರಡು ಸಲ ತುಂಬಿದರೆ ಅವು ಬೇರೆ ಬೇರೆ ನಮೂದುಗಳೇ. ಈಗಾಗಲೇ ಎರಡಾಗಿರುವವು ಹಾಗೆಯೇ ಇರುತ್ತವೆ. ಸರಳಗೊಳಿಸುವಾಗ ಮೊದಲು ಬಿದ್ದುಹೋಗುವುದು ಇಂಥ ಷರತ್ತುಗಳೇ, ಆಮೇಲೆ ದೂರು ಬರುವುದೂ ಅಲ್ಲಿಂದಲೇ.

ಹಾಗಾಗಿ ಬರೆಯುವ ಮೊದಲು ಡೆವಲಪರ್‌ಗೆ ನಾಲ್ಕು ಪ್ರಶ್ನೆ ಕೇಳುತ್ತೇನೆ. ಇದು ಯಾರಿಗೆ ಆಗುತ್ತಿತ್ತು, ಯಾವ ಸಂದರ್ಭದಲ್ಲಿ? ಆಗ ಪರದೆಯ ಮೇಲೆ ಏನು ಕಾಣುತ್ತಿತ್ತು? ಹಳೆಯ ಡೇಟಾ ತಾನಾಗಿ ಸರಿಹೋಗುತ್ತದೆಯೇ? ಈಗಲೂ ಹೀಗಾಗಬಹುದಾದ ದಾರಿ ಯಾವುದಾದರೂ ಉಳಿದಿದೆಯೇ? ಕೊನೆಯ ಎರಡಕ್ಕೆ ಉತ್ತರ ಕಮಿಟ್ ಸಾಲಿನಲ್ಲಿ ಎಂದೂ ಇರುವುದಿಲ್ಲ, ಕೇಳಿಯೇ ಪಡೆಯಬೇಕು. ಉತ್ತರಗಳು ಸಿಕ್ಕ ಮೇಲೆ ಬರೆದದ್ದು ಹೀಗಿರುತ್ತದೆ:

‘“ಕಳುಹಿಸಲಾಗಲಿಲ್ಲ” ಎಂದು ಕಂಡಾಗ ಮತ್ತೆ “ಕಳುಹಿಸಿ” ಒತ್ತಿದರೆ ಒಂದೇ ನಮೂದು ಕೆಲವೊಮ್ಮೆ ಎರಡು ಸಲ ದಾಖಲಾಗುತ್ತಿತ್ತು. ಈ ಆವೃತ್ತಿಯಲ್ಲಿ ಉಳಿಸುವ ನಮೂದುಗಳಿಗೆ ಹೀಗಾಗುವುದಿಲ್ಲ. ಅಪ್‌ಡೇಟ್‌ಗೆ ಮೊದಲೇ “ಬಾಕಿ” ಪಟ್ಟಿಯಲ್ಲಿದ್ದ ನಮೂದುಗಳು ಎರಡಾಗಿವೆಯೇ ಎಂದು ಒಮ್ಮೆ ನೋಡಿ. ಎರಡಾಗಿದ್ದರೆ “ನನ್ನ ನಮೂದುಗಳು” ತೆರೆದು ಒಂದನ್ನು ಅಳಿಸಿ.’

ಇಲ್ಲಿ ‘ಅಪ್‌ಡೇಟ್ ಮಾಡುವ ಮೊದಲು ಬಾಕಿ ಇರುವುದೆಲ್ಲ ಕಳುಹಿಸಿ’ ಎಂದು ಬರೆಯಲು ಮನಸ್ಸಾಗುತ್ತದೆ. ಆದರೆ ಎಷ್ಟೋ ಫೋನ್‌ಗಳಲ್ಲಿ ಅಪ್‌ಡೇಟ್ ತಾನಾಗಿಯೇ ಆಗುತ್ತದೆ. ಓದುವ ಹೊತ್ತಿಗೆ ಆ ಸಲಹೆಯ ಸಮಯ ಮೀರಿರುತ್ತದೆ. ಆದ್ದರಿಂದ ಪ್ರತಿ ಸೂಚನೆಯನ್ನೂ ಅಪ್‌ಡೇಟ್ ಆಗಿಹೋದವರು ಏನು ಮಾಡಬಹುದು ಎಂಬ ದಿಕ್ಕಿನಿಂದ ಬರೆಯುತ್ತೇನೆ. ‘ಕೆಲವೊಮ್ಮೆ’ ಎಂಬ ಪದವನ್ನೂ ಒಂಟಿಯಾಗಿ ಬಿಡುವುದಿಲ್ಲ. ಜೊತೆಗೆ ಸಂದರ್ಭ ಹೇಳಿದರೆ ಮಾತ್ರ ಓದುಗರು ಅದು ತಮಗೆ ಆದದ್ದೇ ಎಂದು ಗುರುತು ಹಿಡಿಯುತ್ತಾರೆ.

ತಿಳಿದಿರುವ ಸಮಸ್ಯೆಗಳ ಭಾಗಕ್ಕೆ ಇನ್ನೂ ಹೆಚ್ಚಿನ ಎಚ್ಚರ ಬೇಕು, ಯಾಕೆಂದರೆ ಅದನ್ನು ಓದುವವರು ಆಗಲೇ ತೊಂದರೆಯಲ್ಲಿರುತ್ತಾರೆ. ಇದೇ ಆಪ್‌ನಲ್ಲಿ, ಬ್ಯಾಟರಿ ಸೇವರ್ ಆನ್ ಇದ್ದಾಗ ಆಂಡ್ರಾಯ್ಡ್ ಹಿನ್ನೆಲೆ ಕೆಲಸವನ್ನು ತಡೆಹಿಡಿಯುವುದರಿಂದ ನಮೂದುಗಳು ಹೋಗದೆ ನಿಲ್ಲುತ್ತವೆ ಎಂದುಕೊಳ್ಳಿ. ಡೆವಲಪರ್ ಕೊಡುವ ಶೀರ್ಷಿಕೆ ‘ಹಿನ್ನೆಲೆ ಸಿಂಕ್‌ಗೆ ತಡೆ’. ಆದರೆ ಬಳಕೆದಾರರಿಗೆ ಕಾರಣ ಕಾಣುವುದಿಲ್ಲ, ಲಕ್ಷಣ ಕಾಣುತ್ತದೆ. ಅವರು ಹುಡುಕುವುದೂ ಲಕ್ಷಣವನ್ನೇ. ಆದ್ದರಿಂದ ಶೀರ್ಷಿಕೆ: ‘“ಬಾಕಿ” ಸಂಖ್ಯೆ ಗಂಟೆಗಟ್ಟಲೆ ಕಡಿಮೆಯಾಗುವುದಿಲ್ಲ’. ಅದರ ಕೆಳಗೆ:

‘ಆಂಡ್ರಾಯ್ಡ್ ಫೋನ್‌ನಲ್ಲಿ ಬ್ಯಾಟರಿ ಸೇವರ್ ಆನ್ ಇದ್ದಾಗ ಹೀಗಾಗಬಹುದು. ನಿಮ್ಮ ನಮೂದುಗಳು ಫೋನ್‌ನಲ್ಲಿ ಸುರಕ್ಷಿತವಾಗಿವೆ. ಆಪ್ ತೆರೆದು, “ಬಾಕಿ” 0 ಆಗುವವರೆಗೆ ಪರದೆಯ ಮೇಲೆ ಹಾಗೆಯೇ ಇಡಿ. ಅಲ್ಲಿಯವರೆಗೆ ಆಪ್ ಅನ್‌ಇನ್‌ಸ್ಟಾಲ್ ಮಾಡಬೇಡಿ, ಆಪ್‌ನ ಡೇಟಾ ಅಳಿಸಬೇಡಿ. ಹಾಗೆ ಮಾಡಿದರೆ ಕಳುಹಿಸದ ನಮೂದುಗಳು ಮರಳಿ ಸಿಗುವುದಿಲ್ಲ.’

ಇದರಲ್ಲಿ ನನಗೆ ಅತಿ ಮುಖ್ಯವಾದದ್ದು ‘ಮಾಡಬೇಡಿ’ ಎಂಬ ವಾಕ್ಯ. ಆಪ್ ಕೈಕೊಟ್ಟರೆ ತೆಗೆದು ಮತ್ತೆ ಹಾಕುವುದು ಬಹಳ ಜನರ ಮೊದಲ ಉಪಾಯ, ಇಲ್ಲಿ ಡೇಟಾ ಹೋಗುವುದೇ ಅದರಿಂದ. ಹಾಗೆಯೇ ‘ಸುರಕ್ಷಿತವಾಗಿವೆ’ ಎಂಬ ಮಾತನ್ನು ಊಹೆಯಿಂದ ಬರೆಯಬಾರದು. ಬಿಡುಗಡೆಗೆ ಸಿದ್ಧವಾದ ಬಿಲ್ಡ್ ಅನ್ನೇ ಫೋನ್‌ಗೆ ಹಾಕಿ, ಬ್ಯಾಟರಿ ಸೇವರ್ ಆನ್ ಮಾಡಿ, ಒಂದು ನಮೂದು ಉಳಿಸಿ, ಫೋನ್ ಆಫ್ ಮಾಡಿ ಮತ್ತೆ ಆನ್ ಮಾಡಿ, ಅದು ‘ಬಾಕಿ’ಯಲ್ಲಿ ಉಳಿದಿದೆಯೇ, ಪರಿಹಾರದ ಹೆಜ್ಜೆಗಳಿಂದ ನಿಜಕ್ಕೂ ಹೋಗುತ್ತದೆಯೇ ಎಂದು ನೋಡಿಯೇ ಬರೆಯುತ್ತೇನೆ. ಡೆವಲಪರ್‌ನ ಕಂಪ್ಯೂಟರ್‌ನಲ್ಲಿ ಕೆಲಸ ಮಾಡಿದ ಪರಿಹಾರ ಬಿಡುಗಡೆಯ ಬಿಲ್ಡ್‌ನಲ್ಲೂ ಮಾಡೀತು ಎಂದು ನಂಬಿ ಕೂರುವಂತಿಲ್ಲ. ‘ಮುಂದಿನ ಆವೃತ್ತಿಯಲ್ಲಿ ಸರಿಹೋಗುತ್ತದೆ’ ಎಂಬ ಮಾತನ್ನೂ ಕೊಡುವುದಿಲ್ಲ. ‘ಸರಿಪಡಿಸುವ ಕೆಲಸ ನಡೆದಿದೆ’ ಎಂಬುದು ನಿಜವಾಗಿದ್ದರೆ ಅಷ್ಟೇ ಸಾಕು.

ಕರಡು ಸಿದ್ಧವಾದ ಮೇಲೆ ಎರಡು ಕಡೆ ಹೋಗುತ್ತದೆ. ಡೆವಲಪರ್‌ಗೆ ಕಳುಹಿಸುವಾಗ ‘ಸರಿ ಇದೆಯಾ?’ ಎಂದು ಕೇಳಿದರೆ ‘ಸರಿ’ ಎಂಬ ಉತ್ತರವೇ ಬರುತ್ತದೆ. ‘ಇದರಲ್ಲಿ ಯಾವ ವಾಕ್ಯ ಸುಳ್ಳಾಗುವ ಸಂದರ್ಭವಿದೆ?’ ಎಂದು ಕೇಳಿದರೆ ಮರೆತುಹೋದ ಷರತ್ತು ಹೊರಬರುತ್ತದೆ. ಸಪೋರ್ಟ್‌ನಲ್ಲಿ ಫೋನ್ ತೆಗೆದುಕೊಳ್ಳುವವರಿಗೆ ಕೊಡುವಾಗ, ಬರೀ ಇದನ್ನು ಓದಿ ಹೆಜ್ಜೆಗಳನ್ನು ಮಾಡಿ ತೋರಿಸಿ ಎನ್ನುತ್ತೇನೆ. ಅವರು ನಡುವೆ ನಿಂತರೆ ಸಾಮಾನ್ಯವಾಗಿ ಕಾರಣ ಒಂದೇ: ನೋಟ್ಸ್‌ನಲ್ಲಿ ‘ಬಾಕಿ’ ಎಂದಿದ್ದರೆ ಪರದೆಯಲ್ಲಿ ‘ಕಳುಹಿಸಬೇಕಾದವು’ ಎಂದಿರುತ್ತದೆ. ಬಟನ್, ಪಟ್ಟಿಗಳ ಹೆಸರು ಪರದೆಯಲ್ಲಿ ಇದ್ದಂತೆಯೇ, ಅಕ್ಷರಕ್ಕೆ ಅಕ್ಷರ, ಬರಬೇಕು.

ಜಾಗದ ಮಿತಿಯೂ ಇದೆ. ಗೂಗಲ್ ಪ್ಲೇಯಲ್ಲಿ ಒಂದು ಭಾಷೆಗೆ 500 ಯೂನಿಕೋಡ್ ಅಕ್ಷರ ಮಾತ್ರ. ಕನ್ನಡದಲ್ಲಿ ಇದು ಬೇಗ ತುಂಬುತ್ತದೆ, ಏಕೆಂದರೆ ಕಣ್ಣಿಗೆ ಒಂದೇ ಆಗಿ ಕಾಣುವ ‘ಕ್ಷ’ ಅಲ್ಲಿ ಮೂರು ಎಂದು ಲೆಕ್ಕವಾಗುತ್ತದೆ. ಹಾಗಾಗಿ ಅಂಗಡಿಯ ಪುಟದಲ್ಲಿ ಡೇಟಾಗೆ ಸಂಬಂಧಿಸಿದ್ದನ್ನು ಮೊದಲು ಇಡುತ್ತೇನೆ, ಬಣ್ಣ ಬದಲಾದದ್ದು, ಐಕಾನ್ ಬದಲಾದದ್ದು ಜಾಗ ಉಳಿದರೆ ಮಾತ್ರ. ತಿಳಿದಿರುವ ಸಮಸ್ಯೆಗಳ ಪೂರ್ಣ ಪಟ್ಟಿ ಆಪ್‌ನೊಳಗಿನ ಸಹಾಯ ಪುಟದಲ್ಲಿ ಇರುತ್ತದೆ. ಬಿಡುಗಡೆಯಾದ ಮೇಲೆ ಹೊಸ ಸಮಸ್ಯೆ ಕಂಡರೆ ಅಲ್ಲಿ ದಿನಾಂಕ ಹಾಕಿ ಸೇರಿಸುತ್ತೇನೆ.

ಸಮಸ್ಯೆ ಸರಿಹೋಗುವವರೆಗೆ ಪ್ರತಿ ಆವೃತ್ತಿಯ ಪಟ್ಟಿಗೂ ಅದು ಮುಂದುವರಿಯುತ್ತದೆ. ಹೊಸ ಆವೃತ್ತಿಯಲ್ಲಿ ಅದು ಸುಮ್ಮನೆ ಕಾಣದಾದರೆ ಸರಿಹೋಗಿದೆ ಎಂದೇ ಓದುಗರು ತಿಳಿಯುತ್ತಾರೆ. ನಿಜವಾಗಿ ಸರಿಹೋದ ದಿನ ಅದೇ ಶೀರ್ಷಿಕೆಯನ್ನು, ಪದ ಬದಲಿಸದೆ, ‘ಸರಿಪಡಿಸಿದ್ದು’ ಎಂಬ ಭಾಗಕ್ಕೆ ತರುತ್ತೇನೆ. ಅಲ್ಲಿಯವರೆಗೆ ಪರಿಹಾರದ ಹೆಜ್ಜೆ ಅನುಸರಿಸುತ್ತಿದ್ದವರಿಗೆ ಇನ್ನು ಅದು ಬೇಡ ಎಂದು ಅಲ್ಲೇ ಒಂದು ಸಾಲಿನಲ್ಲಿ ಹೇಳುತ್ತೇನೆ.