ಕ್ರೋಮಿಯಂ ಕಿಲೋಗೆ ಎಷ್ಟು ತೆರಿಗೆ?

ಪೀಣ್ಯದಲ್ಲಿ ಲೋಹದ ಬಿಡಿಭಾಗಗಳಿಗೆ ಕ್ರೋಮಿಯಂ ಲೇಪಿಸುವ ಒಂದು ಕ್ರೋಮ್ ಪ್ಲೇಟಿಂಗ್ ಘಟಕದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಾಗ ನೀರಿನ ಸೆಸ್ ಕಟ್ಟುವುದೂ ನನ್ನ ಪಾಲಿಗೆ ಬಂದಿತ್ತು. 1977ರ ಕಾಯ್ದೆಯ ಸೆಸ್ ಅದು. ಜಿಎಸ್‌ಟಿ ಬಂದ 2017ರಲ್ಲಿ ರದ್ದಾಯಿತು. ವಿಷಕಾರಿ ತ್ಯಾಜ್ಯ ಬಿಡುವ ಕಾರ್ಖಾನೆಗೆ ಸಾವಿರ ಲೀಟರ್ ನೀರಿಗೆ 15 ಪೈಸೆ, ನಿಯಮ ಪಾಲಿಸದಿದ್ದರೆ 30 ಪೈಸೆ. ದಿನಕ್ಕೆ 20 ಸಾವಿರ ಲೀಟರ್ ಬಳಸುವ ಘಟಕ ನಿಯಮ ಪಾಲಿಸಿದರೆ 3 ರೂಪಾಯಿ, ಮುರಿದರೆ 6 ರೂಪಾಯಿ. ಆ ವ್ಯತ್ಯಾಸಕ್ಕಾಗಿ ಯಾರೂ ಹೊಸ ತೊಟ್ಟಿ ಕಟ್ಟಿಸುವುದಿಲ್ಲ.

ದರಕ್ಕಿಂತ ನನ್ನನ್ನು ಕಾಡಿದ್ದು ಅದರ ಬುಡ. ಸೆಸ್ ಬೀಳುತ್ತಿದ್ದುದು ಒಳಗೆ ಬಂದ ನೀರಿನ ಮೇಲೆ. ಚರಂಡಿಗೆ ಹೋದ ಕ್ರೋಮಿಯಂ ಒಂದು ಕಿಲೋ ಇರಲಿ ಹತ್ತು ಕಿಲೋ ಇರಲಿ, ಬಿಲ್ಲು ಅಷ್ಟೇ. ಆ ವಿಷ ಸೇರುವ ಕೆರೆಯ ಕೆಳಗಿನ ಬೆಳೆಗಾರನ ನಷ್ಟ ನಮ್ಮ ಖಾತೆಯ ಯಾವ ಪುಟದಲ್ಲೂ ಇರಲಿಲ್ಲ. ಹಾಗಾಗಿ ಪ್ಲೇಟಿಂಗ್ ಅಗ್ಗವಾಗಿ, ಆಗಬೇಕಾದುದಕ್ಕಿಂತ ಹೆಚ್ಚು ಆಗುತ್ತಿತ್ತು.

ಮೇಸ್ತ್ರಿಯ ಜೊತೆ ಕೂತು ಬೇರೆಯದೇ ಲೆಕ್ಕ ಹಾಕಿದೆ: ಒಂದು ಕಿಲೋ ಕ್ರೋಮಿಯಂ ಚರಂಡಿ ಸೇರದಂತೆ ತಡೆಯಲು, ಮರಳಿ ಸಿಗುವ ರಾಸಾಯನಿಕದ ಬೆಲೆ ಕಳೆದ ಮೇಲೆ, ಎಷ್ಟು ಖರ್ಚು? ಬಿಡಿಭಾಗ ತೂಗುಹಾಕಿದ ಚೌಕಟ್ಟನ್ನು ನಿಧಾನವಾಗಿ ಎತ್ತಿ, ತೊಟ್ಟಿಯ ಮೇಲೆಯೇ ಹನಿ ಇಳಿಯಲು ಬಿಟ್ಟರೆ ಹೆಚ್ಚುಕಡಿಮೆ ಏನೂ ಇಲ್ಲ. ಮೊದಲ ತೊಳೆತಕ್ಕೆ ನಿಂತ ನೀರಿನ ತೊಟ್ಟಿ ಇಟ್ಟು ಆ ನೀರನ್ನು ಮತ್ತೆ ಪ್ಲೇಟಿಂಗ್ ದ್ರಾವಣಕ್ಕೆ ಸೇರಿಸಿದರೆ ಸುಮಾರು 150 ರೂಪಾಯಿ. ತೊಳೆಯುವ ನೀರನ್ನು ಕೊನೆಯ ತೊಟ್ಟಿಯಿಂದ ಮೊದಲಿನದಕ್ಕೆ ಹಿಮ್ಮುಖವಾಗಿ ಹರಿಸಿದರೆ 500. ಉಳಿದ ಅಲ್ಪಸ್ವಲ್ಪ ಹಿಡಿಯಲು ನೀರು ಆವಿ ಮಾಡುವ ಯಂತ್ರ ತಂದರೆ 3,000.

ಈಗ ಒಂದು ಕಿಲೋ ಹೊರಗೆ ಮಾಡುವ ಹಾನಿ 800 ರೂಪಾಯಿ ಎಂದಿಟ್ಟುಕೊಂಡು ಅಷ್ಟೇ ತೆರಿಗೆ ಹಾಕಿ ನೋಡಿ. ಮಾಲೀಕರು ಮೊದಲ ಮೂರನ್ನು ತಾವಾಗಿಯೇ ಮಾಡುತ್ತಾರೆ, ನಾಲ್ಕನೆಯದನ್ನು ಬಿಟ್ಟು ಉಳಿದ ಕ್ರೋಮಿಯಂಗೆ ತೆರಿಗೆ ಕಟ್ಟುತ್ತಾರೆ. ಅದೇ ಸರಿ: 800ರ ಹಾನಿ ತಪ್ಪಿಸಲು 3,000 ಸುರಿದರೆ ಸಮಾಜಕ್ಕೂ ನಷ್ಟ. ಕಟ್ಟಿದ ತೆರಿಗೆ ಪ್ಲೇಟಿಂಗ್ ದರಕ್ಕೆ ಸೇರುತ್ತದೆ, ಕೆಲವು ಗಿರಾಕಿಗಳು ಪೌಡರ್ ಕೋಟಿಂಗ್ ಕಡೆ ಹೋಗುತ್ತಾರೆ. ಅದೂ ಆಗಬೇಕಾದದ್ದೇ.

ಅಳೆಯುವವರು ಯಾರು ಎಂಬುದೇ ತೊಡಕು. ರಾತ್ರಿ ಮಳೆಚರಂಡಿಗೆ ಬಿಟ್ಟ ನೀರು ಯಾವ ಮೀಟರಿಗೂ ಸಿಗುವುದಿಲ್ಲ. ನನ್ನ ಮಟ್ಟಿಗೆ ಸುಲಭವಾದ ದಾರಿ ಖರೀದಿ ರಸೀದಿ. ಆ ದ್ರಾವಣಕ್ಕೆ ಬೇಕಾದ ಕ್ರೋಮಿಕ್ ಆಮ್ಲ ಕೊಳ್ಳುವಾಗಲೇ ತೆರಿಗೆ ಹಿಡಿದು, ಸರಕಿಗೆ ಅಂಟಿದ್ದಕ್ಕೂ ಅಪಾಯಕಾರಿ ತ್ಯಾಜ್ಯದ ವಿಲೇವಾರಿ ಕೇಂದ್ರಕ್ಕೆ ಒಪ್ಪಿಸಿದ ಕೆಸರಿನಲ್ಲಿದ್ದದ್ದಕ್ಕೂ ವಾಪಸು ಕೊಡಬೇಕು. ಲೆಕ್ಕಕ್ಕೆ ಸಿಗದ ಕಿಲೋ ಚರಂಡಿಗೆ ಹೋಯಿತೆಂದೇ ಅರ್ಥ. ಕೆಸರಿಗೆ ಮಣ್ಣು ಬೆರೆಸಿ ತೂಕ ತೋರಿಸುವವರು ಇದ್ದೇ ಇರುತ್ತಾರೆ, ಆದ್ದರಿಂದ ತೂಕದ ಬದಲು ಅದರಲ್ಲಿರುವ ಕ್ರೋಮಿಯಂ ಪ್ರಮಾಣವನ್ನು ಪರೀಕ್ಷಿಸಿ ಹಣ ಕೊಡಬೇಕು. ನೂರಾರು ಚರಂಡಿಗಳನ್ನು ಕಾಯುವುದಕ್ಕಿಂತ ವಿಲೇವಾರಿ ಕೇಂದ್ರದ ಒಂದು ಗೇಟಿನಲ್ಲಿ ಕೆಸರಿನ ಮಾದರಿ ತೆಗೆಯುವುದು ಅಗ್ಗ.