ಎರಡು ಸಲ ಬಂದ ಐಗನ್‌ವ್ಯಾಲ್ಯೂ, ಓರೆಯಾಗಿ ಸಿಕ್ಕ ವೆಕ್ಟರ್‌ಗಳು: ನನ್ನ ಅನುಭವ

ಮೂರು ಅಳತೆಗಳು ಇದ್ದವು. ಪ್ರತಿಯೊಂದರ ವೇರಿಯನ್ಸ್ 3, ಯಾವ ಎರಡನ್ನು ತೆಗೆದುಕೊಂಡರೂ ಅವುಗಳ ನಡುವಿನ ಕೋವೇರಿಯನ್ಸ್ 1. ಇವುಗಳನ್ನು ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಹೊಸ ಅಳತೆಗಳಾಗಿ ಬದಲಾಯಿಸಬೇಕಿತ್ತು. ಅದಕ್ಕೆ ಈ ಮ್ಯಾಟ್ರಿಕ್ಸ್‌ನ ಐಗನ್‌ವೆಕ್ಟರ್‌ಗಳು ಬೇಕು:

```
A = [3 1 1]
    [1 3 1]
    [1 1 3]
```

ಕಂಪ್ಯೂಟರ್‌ಗೆ ಕೊಡುವ ಮೊದಲು ಒಂದು ಸಲ ಕೈಯಲ್ಲೇ ಮಾಡಿ ನೋಡೋಣ ಅಂತ ಕುಳಿತೆ. ಐಗನ್‌ವ್ಯಾಲ್ಯೂಗಳು 5, 2, 2 ಅಂತ ಬಂದವು. 5ಕ್ಕೆ (1, 1, 1) ಸಿಕ್ಕಿತು, ಅದರಲ್ಲಿ ಏನೂ ತಕರಾರಿಲ್ಲ. 2ಕ್ಕೆ (A − 2I)x = 0 ಬಿಡಿಸಿದರೆ ಮೂರೂ ಸಾಲುಗಳು ಒಂದೇ ಮಾತು ಹೇಳುತ್ತವೆ: x + y + z = 0. ಎಲ್ಲರೂ ಮಾಡುವಂತೆ y, z ಎರಡನ್ನೂ ನಮ್ಮಿಷ್ಟದ ಸಂಖ್ಯೆಗಳು ಅಂತ ಇಟ್ಟುಕೊಂಡು v₁ = (−1, 1, 0), v₂ = (−1, 0, 1) ಅಂತ ಬರೆದೆ. ಮೂರನ್ನೂ ಅವುಗಳ ಉದ್ದದಿಂದ ಭಾಗಿಸಿ Q ಒಳಗೆ ಕಂಬಸಾಲುಗಳಾಗಿ ಇಟ್ಟೆ. ಸಿಮೆಟ್ರಿಕ್ ಮ್ಯಾಟ್ರಿಕ್ಸ್ ಅಲ್ವಾ, A = QDQᵀ ಆಗಲೇಬೇಕು ಅಂತ ನಂಬಿಕೆ.

ಗುಣಿಸಿ ನೋಡಿದರೆ ಎಡಮೇಲಿನ ಮೂಲೆಯಲ್ಲಿ 3ರ ಬದಲು 11/3 ಬಂತು. ಪೂರ್ತಿ ಉತ್ತರ ಹೀಗಿತ್ತು:

```
QDQᵀ = (1/3) [11 2 2]
             [ 2 8 5]
             [ 2 5 8]
```

ನನ್ನನ್ನು ದಾರಿ ತಪ್ಪಿಸಿದ್ದು ಟ್ರೇಸ್. ಸುಮ್ನೆ ಒಂದು ತಾಳೆ ನೋಡೋಣ ಅಂತ ಕರ್ಣದ ಮೂರು ಸಂಖ್ಯೆ ಕೂಡಿದೆ: 11/3 + 8/3 + 8/3 = 9. A ಟ್ರೇಸ್ ಕೂಡ 9. ಹಾಗಾಗಿ ವೆಕ್ಟರ್‌ಗಳೆಲ್ಲ ಸರಿಯಿವೆ, ನಡುವೆ ಎಲ್ಲೋ ಗುಣಾಕಾರದಲ್ಲಿ ತಪ್ಪಿದ್ದೇನೆ ಅಂತ ಮತ್ತೆ ಮತ್ತೆ ಅದನ್ನೇ ತಿರುವಿ ಹಾಕಿದೆ. ಆಮೇಲೆ ಗೊತ್ತಾಯಿತು, ಆ ತಾಳೆಗೆ ಇಲ್ಲಿ ಬೆಲೆಯೇ ಇಲ್ಲ. ವೆಕ್ಟರ್‌ಗಳ ಉದ್ದ 1 ಇದ್ದರೆ ಸಾಕು, ಅವು ಎಷ್ಟೇ ಓರೆಯಾಗಿರಲಿ, QDQᵀ ಟ್ರೇಸ್ ಐಗನ್‌ವ್ಯಾಲ್ಯೂಗಳ ಮೊತ್ತವೇ ಆಗಿರುತ್ತದೆ. ಡಿಟರ್ಮಿನೆಂಟ್ ನೋಡಿದ್ದರೆ ಸಿಕ್ಕಿಬೀಳುತ್ತಿತ್ತು: Aದು 20, ನನಗೆ ಬಂದದ್ದರದು 15. ಅದಕ್ಕಿಂತ ನೇರವಾದ ಪರೀಕ್ಷೆ QᵀQ. ಅದು I ಆಗಬೇಕಿತ್ತು, ನನ್ನದರಲ್ಲಿ ಕರ್ಣದ ಆಚೆ ಎರಡು ಜಾಗಗಳಲ್ಲಿ 1/2 ಕೂತಿತ್ತು. v₁ · v₂ = 1, ಅವುಗಳ ನಡುವಿನ ಕೋನ 60 ಡಿಗ್ರಿ.

ಗಮನಿಸಿ, v₁, v₂ ಎರಡೂ ಸರಿಯಾದ ಐಗನ್‌ವೆಕ್ಟರ್‌ಗಳೇ. QDQ⁻¹ ಅಂತ ಮಾಡಿದ್ದರೆ A ಸರಿಯಾಗಿ ವಾಪಸ್ ಬರುತ್ತಿತ್ತು. ನಾನು ಮಾಡಿದ ತಪ್ಪು Q⁻¹ ಇರಬೇಕಾದ ಕಡೆ Qᵀ ಹಾಕಿದ್ದು. ಕಂಬಸಾಲುಗಳು ಒಂದಕ್ಕೊಂದು ಲಂಬವಾಗಿದ್ದರೆ ಮಾತ್ರ ಅದು ನಡೆಯುತ್ತದೆ. ನನ್ನ ಕೆಲಸಕ್ಕೆ ಲಂಬವಾಗಿಯೇ ಬೇಕಿತ್ತು ಕೂಡ. ಓರೆ ವೆಕ್ಟರ್‌ಗಳಿಂದ ಮಾಡಿದ ಹೊಸ ಅಳತೆಗಳಲ್ಲಿ ಎರಡರ ನಡುವೆ ಕೋವೇರಿಯನ್ಸ್ 1 ಹಾಗೇ ಉಳಿದಿತ್ತು. ಅದನ್ನು ತೆಗೆಯಲಿಕ್ಕೇ ಇಷ್ಟೆಲ್ಲ ಮಾಡಿದ್ದು.

ಪರಿಹಾರ ಗ್ರಾಮ್-ಶ್ಮಿಟ್ ಅಂತ ಗೊತ್ತಿತ್ತು. v₂ ಇಂದ v₁ ದಿಕ್ಕಿನಲ್ಲಿರುವ ಪಾಲನ್ನು ಕಳೆದುಬಿಡುವುದು, ಅಷ್ಟೇ. ಆದರೆ ಇಲ್ಲಿ ನನಗೊಂದು ಅನುಮಾನ ಹುಟ್ಟಿತು. ಐಗನ್‌ವೆಕ್ಟರ್ ಅಂದರೆ A ಹಾಕಿದಾಗ ದಿಕ್ಕು ಬದಲಾಗದ ವೆಕ್ಟರ್. ಅದನ್ನು ಹಿಡಿದು ನನ್ನ ಅನುಕೂಲಕ್ಕೆ ತಕ್ಕಂತೆ ಬಾಗಿಸಿದರೆ, ಅದು ಇನ್ನೂ ಐಗನ್‌ವೆಕ್ಟರ್ ಆಗಿ ಯಾಕೆ ಉಳಿಯಬೇಕು?

ಮೊದಲು ಲೆಕ್ಕ ಮಾಡಿಬಿಟ್ಟೆ. v₁ · v₁ = 2, v₂ · v₁ = 1, ಹಾಗಾಗಿ ಕಳೆಯಬೇಕಾದದ್ದು v₁ ಅರ್ಧ ಭಾಗ:

```
v₂ − (1/2)v₁ = (−1, 0, 1) − (−1/2, 1/2, 0) = (−1/2, −1/2, 1)
```

ಭಿನ್ನರಾಶಿ ಬೇಡ ಅಂತ 2ರಿಂದ ಗುಣಿಸಿ w = (−1, −1, 2) ಅಂತಿಟ್ಟೆ. v₁ ಜೊತೆ ಡಾಟ್ ಪ್ರಾಡಕ್ಟ್ 1 − 1 + 0 = 0. ಈಗ A ಹಾಕಿದೆ: ಮೊದಲ ಸಾಲು −3 − 1 + 2 = −2, ಎರಡನೆಯದು −1 − 3 + 2 = −2, ಮೂರನೆಯದು −1 − 1 + 6 = 4. ಅಂದರೆ Aw = (−2, −2, 4) = 2w. ಬಾಗಿಸಿದ ಮೇಲೂ ಐಗನ್‌ವೆಕ್ಟರ್ ಆಗಿಯೇ ಉಳಿದಿದೆ.

ಯಾಕೆ ಅಂತ ಅದೇ ಲೆಕ್ಕವನ್ನು ಅಕ್ಷರಗಳಲ್ಲಿ ಬರೆದಾಗ ಕಾಣಿಸಿತು. A(v₂ − c v₁) = Av₂ − c Av₁ = 2v₂ − 2c v₁ = 2(v₂ − c v₁). c ಏನೇ ಇರಲಿ ಇದು ನಡೆಯುತ್ತದೆ, ಯಾಕೆಂದರೆ ಎರಡು ವೆಕ್ಟರ್‌ಗಳ ಮುಂದೆಯೂ ಅದೇ 2 ಇದೆ, ಅದನ್ನು ಹೊರಗೆ ಎಳೆಯಬಹುದು. x + y + z = 0 ಅನ್ನುವುದು ಒಂದು ಇಡೀ ಸಮತಲ, ಅದರಲ್ಲಿರುವ ಪ್ರತಿಯೊಂದು ವೆಕ್ಟರನ್ನೂ A ಎರಡು ಪಟ್ಟು ಹಿಗ್ಗಿಸುತ್ತದೆ, ಒಂದನ್ನೂ ತಿರುಗಿಸುವುದಿಲ್ಲ. ನಾನು v₁, v₂ ಎರಡಕ್ಕೇ ಏನೋ ವಿಶೇಷ ಸ್ಥಾನ ಇದೆ ಅಂದುಕೊಂಡಿದ್ದೆ. ಅವು ಸಿಕ್ಕಿದ್ದು y, z ಹಿಡಿದು ಸಮೀಕರಣ ಬಿಡಿಸಿದ್ದರಿಂದ ಮಾತ್ರ. x, y ಹಿಡಿದಿದ್ದರೆ ಬೇರೆ ಎರಡು ಸಿಗುತ್ತಿದ್ದವು. A ನಮಗೆ ಕೊಡುವುದು ಸಮತಲವನ್ನು, ಅದರೊಳಗೆ ಯಾವ ಎರಡು ದಿಕ್ಕು ಅನ್ನುವುದು ನಮ್ಮ ಆಯ್ಕೆ. ಹಾಗಿದ್ದ ಮೇಲೆ ಲಂಬವಾದ ಎರಡನ್ನೇ ಆರಿಸಿಕೊಳ್ಳಬಹುದು.

ಇನ್ನೊಂದು ಹೆದರಿಕೆ ಇತ್ತು. ಬಾಗಿಸುವಾಗ (1, 1, 1) ಜೊತೆಗಿನ ಲಂಬ ಕೆಟ್ಟರೆ? ಕೆಡುವುದಿಲ್ಲ, ಇಲ್ಲಿ ಸಿಮೆಟ್ರಿ ಕೆಲಸಕ್ಕೆ ಬರುತ್ತದೆ. u ಅನ್ನುವುದು 5ರ ಐಗನ್‌ವೆಕ್ಟರ್, v ಅನ್ನುವುದು 2ರ ಯಾವುದೇ ಐಗನ್‌ವೆಕ್ಟರ್ ಅಂತಿಟ್ಟುಕೊಳ್ಳಿ. A ಸಿಮೆಟ್ರಿಕ್ ಆದ್ದರಿಂದ Au · v = u · Av. ಎಡಗಡೆ 5(u · v), ಬಲಗಡೆ 2(u · v). ಎರಡೂ ಸಮ ಆಗಬೇಕಾದರೆ u · v = 0 ಆಗಲೇಬೇಕು. ಇದು ಸಮತಲದ ಎಲ್ಲಾ ವೆಕ್ಟರ್‌ಗಳಿಗೂ ಒಟ್ಟಿಗೇ ಹೇಳಿದ ಮಾತು. ಹಾಗಾಗಿ ಸಮತಲ ಬಿಟ್ಟು ಆಚೆ ಹೋಗದಿದ್ದರೆ ಸಾಕು, ಒಳಗೆ ಏನು ಮಾಡಿದರೂ (1, 1, 1)ಗೆ ಲಂಬವಾಗಿಯೇ ಇರುತ್ತೇವೆ. ಅದೇ ವಾದ 2 ಮತ್ತು 2ರ ನಡುವೆ ಏನೂ ಹೇಳುವುದಿಲ್ಲ, 2(v₁ · v₂) = 2(v₁ · v₂) ಅಂತ ಬಂದು ನಿಲ್ಲುತ್ತದೆ. ಅದಕ್ಕೇ v₁, v₂ ಓರೆಯಾಗಿ ಸಿಕ್ಕಿದ್ದು, ಅದಕ್ಕೇ ಆ ಒಂದು ಕೆಲಸ ನಾವೇ ಮಾಡಬೇಕಾದದ್ದು.

ಇಷ್ಟಾದ ಮೇಲೆ, ಗ್ರಾಮ್-ಶ್ಮಿಟ್ ಎಲ್ಲಾ ಕಡೆ ಹೀಗೆ ನಡೆಯುತ್ತದೆಯೇ ಅಂತ ಬೇಕಂತಲೇ ಕೆಡಿಸಿ ನೋಡಿದೆ. ಸಿಮೆಟ್ರಿಕ್ ಅಲ್ಲದ [2 1; 0 3] ತೆಗೆದುಕೊಂಡೆ. ಐಗನ್‌ವ್ಯಾಲ್ಯೂಗಳು 2 ಮತ್ತು 3, ವೆಕ್ಟರ್‌ಗಳು (1, 0) ಮತ್ತು (1, 1). ಎರಡನೆಯದನ್ನು ನೆಟ್ಟಗೆ ಮಾಡಿದರೆ (0, 1). ಅದಕ್ಕೆ ಮ್ಯಾಟ್ರಿಕ್ಸ್ ಹಾಕಿದರೆ (1, 3) ಬರುತ್ತದೆ, ದಿಕ್ಕೇ ಬದಲಾಯಿತು. ಲಂಬ ಸಿಕ್ಕಿತು, ಐಗನ್‌ವೆಕ್ಟರ್ ಕೈಬಿಟ್ಟಿತು. ವೆಕ್ಟರ್‌ಗಳ ಮುಂದೆ 2 ಮತ್ತು 3 ಅಂತ ಬೇರೆ ಬೇರೆ ಸಂಖ್ಯೆ ಇದ್ದರೆ ಹೊರಗೆ ಎಳೆಯಲು ಆಗುವುದಿಲ್ಲ ನೋಡಿ. ಹಾಗಾಗಿ ನಾನು ಪಾಲಿಸುವ ನಿಯಮ: ಒಂದೇ ಐಗನ್‌ವ್ಯಾಲ್ಯೂ ಇರುವ ವೆಕ್ಟರ್‌ಗಳ ಗುಂಪಿನೊಳಗೆ ಮಾತ್ರ ಗ್ರಾಮ್-ಶ್ಮಿಟ್, ಗುಂಪು ದಾಟಿ ಮಾಡಬಾರದು. ಸಿಮೆಟ್ರಿಕ್ ಆಗಿದ್ದರೆ ದಾಟುವ ಅಗತ್ಯವೂ ಬರುವುದಿಲ್ಲ.

ಕೊನೆಗೆ ಉಳಿದದ್ದು ಎಣಿಕೆಯ ಪ್ರಶ್ನೆ. 2 ಎರಡು ಸಲ ಬಂದರೆ ಎರಡು ವೆಕ್ಟರ್ ಸಿಕ್ಕೇ ಸಿಗುತ್ತವೆ ಅಂತ ಯಾರು ಹೇಳಿದ್ದು? [2 1; 0 2] ನೋಡಿ, ಅಲ್ಲೂ 2 ಎರಡು ಸಲ ಬರುತ್ತದೆ, ಆದರೆ (1, 0) ದಿಕ್ಕು ಒಂದೇ ಸಿಗುತ್ತದೆ. ಇಲ್ಲದ ವೆಕ್ಟರನ್ನು ಗ್ರಾಮ್-ಶ್ಮಿಟ್ ಹುಟ್ಟಿಸಲಾರದು. ಸಿಮೆಟ್ರಿಕ್ ಮ್ಯಾಟ್ರಿಕ್ಸ್‌ನಲ್ಲಿ ಈ ಕೊರತೆ ಬರುವುದಿಲ್ಲ. ಯಾಕೆ ಅಂತ ಹುಡುಕಿದಾಗ ನನಗೆ ತುಂಬಾ ಹಿಡಿಸಿದ ವಾದ ಇದು: v ಒಂದು ಐಗನ್‌ವೆಕ್ಟರ್ ಇರಲಿ, x ಅದಕ್ಕೆ ಲಂಬವಾಗಿರಲಿ. ಆಗ Ax · v = x · Av = λ(x · v) = 0, ಅಂದರೆ Ax ಕೂಡ v ಗೆ ಲಂಬ. v ಗೆ ಲಂಬವಾದ ಜಾಗದಲ್ಲಿರುವುದನ್ನು A ಆ ಜಾಗದೊಳಗೇ ಇಡುತ್ತದೆ. ಆ ಸಣ್ಣ ಜಾಗದಲ್ಲಿ ನೋಡಿದರೆ A ಮತ್ತೆ ಸಿಮೆಟ್ರಿಕ್, ಸಿಮೆಟ್ರಿಕ್‌ಗೆ ಒಂದಾದರೂ ರಿಯಲ್ ಐಗನ್‌ವೆಕ್ಟರ್ ಇದ್ದೇ ಇರುತ್ತದೆ. ಅದನ್ನು ಎತ್ತಿಕೊಂಡು ಇನ್ನೂ ಸಣ್ಣ ಜಾಗಕ್ಕೆ ಇಳಿಯುವುದು. ಹೀಗೆ n ಸಲ ಮಾಡಿದರೆ n ಲಂಬ ಐಗನ್‌ವೆಕ್ಟರ್‌ಗಳು ಕೈಗೆ ಬರುತ್ತವೆ, ಐಗನ್‌ವ್ಯಾಲ್ಯೂ ಎಷ್ಟು ಸಲ ಬಂದಿದೆ ಅಂತ ಎಲ್ಲೂ ಕೇಳಲೇ ಇಲ್ಲ.

ಆಮೇಲೆ ಕಂಪ್ಯೂಟರ್‌ನಲ್ಲಿ ಹೀಗೆ ನೋಡಿದೆ:

```python
import numpy as np
A = np.ones((3, 3)) + 2 * np.eye(3)
w, Q = np.linalg.eigh(A)
print(w)
print(np.abs(Q.T @ Q - np.eye(3)).max())
print(np.abs(Q @ np.diag(w) @ Q.T - A).max())
```

ಐಗನ್‌ವ್ಯಾಲ್ಯೂಗಳು ಸಣ್ಣದರಿಂದ ದೊಡ್ಡದಕ್ಕೆ 2, 2, 5 ಅಂತ ಬರುತ್ತವೆ. ಕೊನೆಯ ಎರಡು ಸಂಖ್ಯೆಗಳು ಸೊನ್ನೆಗೆ ತೀರಾ ಹತ್ತಿರ ಇರಬೇಕು. ಇಲ್ಲಿ `eig` ಬಳಸಬೇಡಿ, ಅದಕ್ಕೆ ಮ್ಯಾಟ್ರಿಕ್ಸ್ ಸಿಮೆಟ್ರಿಕ್ ಅಂತ ಗೊತ್ತಿಲ್ಲ, ಐಗನ್‌ವ್ಯಾಲ್ಯೂ ಮರುಕಳಿಸಿದಾಗ ಲಂಬ ವೆಕ್ಟರ್‌ಗಳನ್ನೇ ಕೊಡುತ್ತದೆ ಅನ್ನುವ ಖಾತ್ರಿ ಇಲ್ಲ. `eigh` ಆ ಖಾತ್ರಿ ಕೊಡುತ್ತದೆ. ಆದರೆ ಅದು ಸಾಮಾನ್ಯವಾಗಿ ಕರ್ಣ ಮತ್ತು ಅದರ ಕೆಳಗಿನ ಭಾಗವನ್ನು ಮಾತ್ರ ಓದುತ್ತದೆ, ಆದ್ದರಿಂದ ಮೇಲಿನ ಭಾಗದಲ್ಲಿ ಏನಾದರೂ ತಪ್ಪು ತುಂಬಿದ್ದರೆ ಅದು ಗೊತ್ತೇ ಆಗದೆ ಹೋಗುತ್ತದೆ. ಮೊದಲು A ಮತ್ತು Aᵀ ಒಂದೇ ಇವೆಯೇ ಅಂತ ನೋಡಿಕೊಳ್ಳಿ.

ಕಂಪ್ಯೂಟರ್ ಕೊಟ್ಟ ವೆಕ್ಟರ್‌ಗಳು ನಿಮ್ಮ (−1, 1, 0), (−1, −1, 2) ಜೊತೆ ತಾಳೆಯಾಗದಿದ್ದರೆ ಗಾಬರಿ ಬೇಡ. ಸಮತಲದೊಳಗೆ ಲಂಬ ಜೋಡಿಯನ್ನು ಎಷ್ಟು ಬೇಕಾದರೂ ತಿರುಗಿಸಬಹುದು. A ಕೊನೆಯ 3 ಅನ್ನು 3.001 ಮಾಡಿ ನೋಡಿ: 2 ಒಡೆದು ಎರಡಾಗುತ್ತದೆ, 2ಕ್ಕೆ (1, −1, 0) ದಿಕ್ಕು ಗಟ್ಟಿಯಾಗುತ್ತದೆ. ಅದೇ 0.001 ಅನ್ನು ಮೊದಲ 3ಕ್ಕೆ ಕೂಡಿಸಿದರೆ 2ರ ದಿಕ್ಕು (0, 1, −1). ಇಷ್ಟು ಸಣ್ಣ ಬದಲಾವಣೆಗೆ ದಿಕ್ಕು 60 ಡಿಗ್ರಿ ತಿರುಗಿಬಿಟ್ಟಿತು. ಹಾಗಾಗಿ ಎರಡು ಉತ್ತರಗಳನ್ನು ಹೋಲಿಸುವಾಗ ನಾನು ವೆಕ್ಟರ್‌ಗಳನ್ನು ಹೋಲಿಸುವುದಿಲ್ಲ. 2ಕ್ಕೆ ಸೇರಿದ ಎರಡು ಕಂಬಸಾಲುಗಳನ್ನು Q₂ ಅಂತ ತೆಗೆದು Q₂Q₂ᵀ ಲೆಕ್ಕ ಹಾಕುತ್ತೇನೆ. ಯಾವ ಲಂಬ ಜೋಡಿ ಹಿಡಿದರೂ, ಕರ್ಣದಲ್ಲಿ 2/3, ಉಳಿದ ಕಡೆ −1/3 ಇರುವ ಅದೇ ಮ್ಯಾಟ್ರಿಕ್ಸ್ ಬರುತ್ತದೆ. ನನ್ನ ಮೊದಲ ಓರೆ ಜೋಡಿಗೆ ಹೀಗೆ ಮಾಡಿದರೆ ಎಡಮೇಲಿನ ಮೂಲೆಯಲ್ಲಿ 2/3 ಇರಬೇಕಾದ ಕಡೆ 1 ಬರುತ್ತದೆ.