ಕ್ರೆಡಿಟ್ ಕಾರ್ಡ್ ಮುಚ್ಚಲು ನಾನು ಬರೆದ ಪತ್ರ, ಅದಕ್ಕೆ ಪಡೆದ ಲಿಖಿತ ಉತ್ತರ

ಕ್ರೆಡಿಟ್ ಕಾರ್ಡ್ ಖಾತೆಯನ್ನು ಮುಚ್ಚಿಸುವುದು ಕಷ್ಟವಲ್ಲ. ಮುಚ್ಚಿದ ಮೇಲೆ ಒಂದು ರೂಪಾಯಿಯೂ ಬಾಕಿ ಇಲ್ಲವೆಂದು ಬ್ಯಾಂಕಿನಿಂದ ಬರೆಸಿಕೊಳ್ಳುವುದರಲ್ಲಿಯೇ ಜಾಣ್ಮೆ ಬೇಕು. ನಾನು ಒಂದು ಖಾಸಗಿ ಬ್ಯಾಂಕಿನ ಕಾರ್ಡನ್ನು ಮುಚ್ಚಿಸಲು ಹೊರಟಾಗ ಮೊದಲು ನೋಡಿದ್ದು ಪತ್ರದ ಮಾದರಿಯನ್ನಲ್ಲ, ಸ್ಟೇಟ್‌ಮೆಂಟನ್ನು.

ಅದಕ್ಕೆ ಕಾರಣವಿತ್ತು. ಹಿಂದಿನ ತಿಂಗಳ ಬಿಲ್ಲಿನಲ್ಲಿ ಒಂದು ಭಾಗವನ್ನು ಮಾತ್ರ ಕಟ್ಟಿದ್ದೆ. 5ನೇ ತಾರೀಕಿನ ಸ್ಟೇಟ್‌ಮೆಂಟಿನಲ್ಲಿ 18,400 ರೂಪಾಯಿ ಬಾಕಿ ತೋರಿಸಿತ್ತು, 17ರಂದು ಅದನ್ನು ಪೂರ್ತಿ ಕಟ್ಟಿದೆ. ಆ್ಯಪ್‌ನಲ್ಲಿ ಬಾಕಿ ಸೊನ್ನೆಯೆಂದು ಕಂಡರೂ ನಡುವಿನ ಹನ್ನೆರಡು ದಿನಗಳ ಬಡ್ಡಿ ಇನ್ನೂ ಬಿಲ್ಲಿಗೆ ಏರಿರಲಿಲ್ಲ. ತಿಂಗಳಿಗೆ ಶೇ. 3.5ರಂತೆ, ಎಂದರೆ ವರ್ಷಕ್ಕೆ ಶೇ. 42ರಂತೆ ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 21 ರೂಪಾಯಿ. ಹನ್ನೆರಡು ದಿನಕ್ಕೆ ಸುಮಾರು 254, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ ಹತ್ತಿರ ಹತ್ತಿರ 300 ರೂಪಾಯಿ. ಮೊತ್ತ ಚಿಕ್ಕದು, ಆದರೆ ಮುಂದಿನ ಬಿಲ್ಲಿನಲ್ಲಿ ಬಂದು ಕೂರುವ ಇಂಥ ಚಿಲ್ಲರೆ ಬಾಕಿಯೇ ಕಾರ್ಡ್ ಮುಚ್ಚುವುದನ್ನು ತಡೆಹಿಡಿಯಲು ಸಾಕು.

ಏಕೆಂದರೆ ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನಗಳ ಪ್ರಕಾರ ಮುಚ್ಚುವ ಕೋರಿಕೆಯನ್ನು ಬ್ಯಾಂಕು ಏಳು ಕೆಲಸದ ದಿನಗಳೊಳಗೆ ಪೂರೈಸಬೇಕು, ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕನಿಗೆ ಕೊಡಬೇಕು. ಆದರೆ ಇವೆರಡೂ ಎಲ್ಲ ಬಾಕಿ ತೀರಿರಬೇಕೆಂಬ ಷರತ್ತಿಗೆ ಒಳಪಟ್ಟಿವೆ. ಆದ್ದರಿಂದ ನಾನು ಬರೀ 'ಕಾರ್ಡ್ ಮುಚ್ಚಿ' ಎಂದು ಬರೆಯದೆ, ಕೊನೆಯ ಲೆಕ್ಕವನ್ನೂ ಅದೇ ಪತ್ರದಲ್ಲಿ ಕೇಳಿದೆ. ಅದರ ಮುಖ್ಯ ಭಾಗ ಹೀಗಿತ್ತು:

"ಮಾನ್ಯರೇ, ನನ್ನ ಹೆಸರಿನಲ್ಲಿರುವ, ಕೊನೆಯ ನಾಲ್ಕು ಅಂಕಿಗಳು ಮೇಲೆ ಸೂಚಿಸಿದಂತಿರುವ ಕ್ರೆಡಿಟ್ ಕಾರ್ಡ್ ಖಾತೆಯನ್ನೂ ಅದಕ್ಕೆ ಸೇರಿದ ಹೆಚ್ಚುವರಿ ಕಾರ್ಡನ್ನೂ ಶಾಶ್ವತವಾಗಿ ಮುಚ್ಚಬೇಕೆಂದು ಕೋರುತ್ತೇನೆ. ಇನ್ನೂ ಬಿಲ್ ಆಗದ ವ್ಯವಹಾರ, ಬಡ್ಡಿ, ಶುಲ್ಕ ಮತ್ತು ತೆರಿಗೆ ಸೇರಿದಂತೆ ಇಂದಿನವರೆಗೆ ನಾನು ಕಟ್ಟಬೇಕಾದ ಒಟ್ಟು ಮೊತ್ತ ಏನಾದರೂ ಇದ್ದರೆ ಅದನ್ನು ಲಿಖಿತವಾಗಿ ತಿಳಿಸಿರಿ; ಕೂಡಲೇ ಪಾವತಿಸುತ್ತೇನೆ. ಖಾತೆ ಮುಚ್ಚಿದ ನಂತರ, ಮುಚ್ಚಿದ ದಿನಾಂಕವನ್ನೂ ಯಾವುದೇ ಬಾಕಿ ಉಳಿದಿಲ್ಲವೆಂಬುದನ್ನೂ ಸ್ಪಷ್ಟವಾಗಿ ನಮೂದಿಸಿದ ಪ್ರಮಾಣಪತ್ರವನ್ನು ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಕಳುಹಿಸಬೇಕಾಗಿ ವಿನಂತಿ."

ಪೂರ್ತಿ ಕಾರ್ಡ್ ಸಂಖ್ಯೆಯನ್ನಾಗಲಿ ಸಿವಿವಿಯನ್ನಾಗಲಿ ಬರೆಯಲಿಲ್ಲ. ಕೊನೆಯ ನಾಲ್ಕು ಅಂಕಿ, ನೋಂದಾಯಿತ ಮೊಬೈಲ್ ಸಂಖ್ಯೆ, ವಿಳಾಸ ಇಷ್ಟೇ ಸಾಕು. 'ಕಾರ್ಡ್ ಖಾತೆ' ಎಂಬ ಮಾತನ್ನು ಬೇಕೆಂದೇ ಬಳಸಿದೆ. ಕಾರ್ಡನ್ನು ಬ್ಲಾಕ್ ಮಾಡಿದರೆ ಪ್ಲಾಸ್ಟಿಕ್ ನಿಷ್ಕ್ರಿಯವಾಗುತ್ತದೆಯೇ ಹೊರತು ಖಾತೆ ತೆರೆದೇ ಇರುತ್ತದೆ, ವಾರ್ಷಿಕ ಶುಲ್ಕವೂ ಬೀಳುತ್ತಿರಬಹುದು. ಪತ್ರ ಕಳುಹಿಸುವ ಮೊದಲು ಆ ಕಾರ್ಡಿನಿಂದ ತಾನಾಗಿ ಕಡಿತವಾಗುತ್ತಿದ್ದ ಫೋನ್ ಬಿಲ್ಲನ್ನು ಬೇರೆ ಖಾತೆಗೆ ಬದಲಿಸಿದೆ, ಉಳಿದಿದ್ದ ರಿವಾರ್ಡ್ ಪಾಯಿಂಟುಗಳನ್ನೂ ಬಳಸಿ ಮುಗಿಸಿದೆ. ಇಎಂಐ ನಡೆಯುತ್ತಿರುವವರು ಅದರ ಉಳಿದ ಅಸಲನ್ನೂ ಕೊನೆಯ ಲೆಕ್ಕದಲ್ಲಿ ಸೇರಿಸಿ ಕೇಳಬೇಕಾಗುತ್ತದೆ.

ಪತ್ರವನ್ನು ನೋಂದಾಯಿತ ಇಮೇಲ್‌ನಿಂದ ಬ್ಯಾಂಕಿನ ಕಾರ್ಡ್ ವಿಭಾಗಕ್ಕೆ ಕಳುಹಿಸಿದೆ. ಸಹಾಯವಾಣಿಯವರು ಅಂಚೆಯ ಮೂಲಕವೂ ಕಳುಹಿಸಬೇಕೆಂದರು. ಆದರೆ ತಡಕ್ಕೆ ಕಾರಣವಾಗುವಂತೆ ಅಂಚೆಯಲ್ಲೇ ಕೋರಿಕೆ ಕಳುಹಿಸಬೇಕೆಂದು ಬ್ಯಾಂಕು ಒತ್ತಾಯಿಸುವಂತಿಲ್ಲ ಎಂದು ಅದೇ ನಿರ್ದೇಶನ ಹೇಳುವುದರಿಂದ, ಅದನ್ನು ವಿನಯದಿಂದಲೇ ನೆನಪಿಸಿ ಕೋರಿಕೆಯ ಸಂಖ್ಯೆಯನ್ನು ಪಡೆದುಕೊಂಡೆ. ಆಮೇಲೆ ಬಡ್ಡಿಯ ಮೊತ್ತ ಲಿಖಿತವಾಗಿ ಬಂತು, ನನ್ನ ಲೆಕ್ಕಕ್ಕೆ ತೀರ ಹತ್ತಿರವೇ ಇತ್ತು. ಅದನ್ನು ಕಟ್ಟಿ, ಪಾವತಿಯ ರಸೀದಿಯನ್ನು ಅದೇ ಇಮೇಲ್‌ಗೆ ಉತ್ತರವಾಗಿ ಸೇರಿಸಿದೆ. ಏಳು ದಿನಗಳ ಎಣಿಕೆಯನ್ನು ನಾನು ಶುರು ಮಾಡಿದ್ದು ಆ ದಿನದಿಂದ.

ಮೊದಲು ಬಂದದ್ದು ಖಾತೆ ಮುಚ್ಚಲಾಗಿದೆಯೆಂಬ ಎಸ್‌ಎಂಎಸ್ ಮಾತ್ರ. ಅದರಲ್ಲಿ ಬಾಕಿಯ ಮಾತೇ ಇರಲಿಲ್ಲವಾದ್ದರಿಂದ ಪ್ರಮಾಣಪತ್ರವನ್ನು ಮತ್ತೆ ಕೇಳಬೇಕಾಯಿತು. ಬಂದ ಮೇಲೆ ಹೆಸರು, ಕಾರ್ಡಿನ ಕೊನೆಯ ಅಂಕಿಗಳು, ಮುಚ್ಚಿದ ದಿನಾಂಕ, ಬಾಕಿ ಇಲ್ಲವೆಂಬ ವಾಕ್ಯ ಇವನ್ನು ಒಂದೊಂದಾಗಿ ತಾಳೆ ನೋಡಿದೆ. ಬ್ಯಾಂಕು ಉತ್ತರವನ್ನೇ ಕೊಡದೆ 30 ದಿನ ಕಳೆದಿದ್ದರೆ cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡುವ ದಾರಿ ಇತ್ತು, ಅದು ಬೇಕಾಗಲಿಲ್ಲ.

ಸ್ವಲ್ಪ ಸಮಯ ಬಿಟ್ಟು ಸಿಬಿಲ್ ವರದಿ ತೆಗೆಸಿ ನೋಡಿದೆ. ಆ ಖಾತೆಗೆ ಮುಚ್ಚಿದ ದಿನಾಂಕ ದಾಖಲಾಗಿತ್ತು, ಬಾಕಿ ಸೊನ್ನೆ ಇತ್ತು. ಅಲ್ಲಿ 'ಸೆಟಲ್ಡ್' ಎಂದಿದ್ದರೆ ಪೂರ್ತಿ ಹಣ ಕಟ್ಟದೆ ರಾಜಿಯಾದಂತೆ ಅರ್ಥವಾಗುತ್ತದೆ. ಪೂರ್ತಿ ಕಟ್ಟಿದವರಿಗೆ ಹಾಗೆ ಬಂದಿದ್ದರೆ, ಬ್ಯಾಂಕು ಕೊಟ್ಟ ಪ್ರಮಾಣಪತ್ರವನ್ನೇ ಲಗತ್ತಿಸಿ ತಿದ್ದುಪಡಿಗೆ ಬರೆಯಬೇಕು.